ಯಾವ ಅಂಕಿ ಕೊಟ್ಟರೂ ಅದೇ ಮಸುಕು

ಮೊದಲ ಸಲ ವೇರಿಯೇಷನಲ್ ಆಟೋಎನ್‌ಕೋಡರ್ ಬರೆದು ಓಡಿಸಿದಾಗ ಪರದೆಯ ಮೇಲೆ ಕಂಡದ್ದು ಒಂದು ಬೂದು ಮಸುಕು. ಕೈಬರಹದ 7 ಕೊಟ್ಟರೂ ಅದೇ, 2 ಕೊಟ್ಟರೂ ಅದೇ. ಲಾಸ್ ಮಾತ್ರ ಇಳಿದು ಸಮಾಧಾನವಾಗಿ ನಿಂತಿತ್ತು.

ಈ ಮಾದರಿಯನ್ನು 2013ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಕಿಂಗ್ಮಾ ಮತ್ತು ವೆಲ್ಲಿಂಗ್ ಮುಂದಿಟ್ಟರು. ಎನ್‌ಕೋಡರ್ ಚಿತ್ರವನ್ನು ನೋಡಿ ಕೆಲವೇ ಅಕ್ಷಗಳಲ್ಲಿ ಅದರ ನೆಲೆ ಹೇಳುತ್ತದೆ. ಆದರೆ ಒಂದು ಬಿಂದುವನ್ನು ತೋರಿಸುವುದಿಲ್ಲ; ಪ್ರತಿ ಅಕ್ಷಕ್ಕೂ ಒಂದು ಸರಾಸರಿ μ, ಒಂದು ಹರವು σ ಕೊಡುತ್ತದೆ. ಆ ಹರವಿನೊಳಗಿಂದ ಒಂದು ಬಿಂದು z ಹೆಕ್ಕಿಕೊಂಡು ಡಿಕೋಡರ್ ಚಿತ್ರವನ್ನು ಮತ್ತೆ ಬಿಡಿಸುತ್ತದೆ.

ತೊಡಕಿರುವುದು ಈ ಹೆಕ್ಕುವಲ್ಲೇ. ಚಿತ್ರ ಕೆಟ್ಟರೆ μ, σಗಳನ್ನು ಯಾವ ಕಡೆ ತಿದ್ದಬೇಕೆಂಬ ಸುದ್ದಿ ಹಿಂದಕ್ಕೆ ಹೋಗಬೇಕು. ದಾಳ ಉರುಳಿಸಿ ಬಂದ ಸಂಖ್ಯೆಯ ಮೂಲಕ ಅದು ದಾಟುವುದಿಲ್ಲ. ಅವರು ದಾಳವನ್ನೇ ಹೊರಗಿಟ್ಟರು: z = μ + σ × ε. ಇಲ್ಲಿ ε ಮಾತ್ರ ಯಾದೃಚ್ಛಿಕ. ಅದು ಸರಾಸರಿ 0, ಹರವು 1 ಇರುವ ಗಂಟೆಯಾಕಾರದ ಹಂಚಿಕೆಯಿಂದ ಬರುತ್ತದೆ. μ 0.8, σ 0.5, ε 0.6 ಆದರೆ z 1.1. ಈಗ μ ಒಂದಿಷ್ಟು ಏರಿದರೆ z ಕೂಡ ಅಷ್ಟೇ ಏರುತ್ತದೆ. σ ಏರಿದರೆ ಅದರ 0.6 ಪಾಲು. ಲೆಕ್ಕ ಹಿಂದಕ್ಕೆ ಸಲೀಸಾಗಿ ಹರಿಯುತ್ತದೆ. ಇದೇ ರಿಪ್ಯಾರಾಮೀಟರೈಸೇಷನ್ ಟ್ರಿಕ್.

ಲಾಸ್‌ನಲ್ಲಿ ಎರಡು ಭಾಗ. ಒಂದು, ಬಿಡಿಸಿದ ಚಿತ್ರ ಮೂಲದಿಂದ ಎಷ್ಟು ದೂರ ಎಂಬುದು. ಇನ್ನೊಂದು ಕೆಎಲ್ ಡೈವರ್ಜೆನ್ಸ್. μ 0, σ 1 ಎಂಬ ಸಾಮಾನ್ಯ ನೆಲೆಯಿಂದ ಸರಿದಷ್ಟೂ ಇದು ದಂಡ ಹಾಕುತ್ತದೆ. ಮೇಲಿನ ಉದಾಹರಣೆಗೆ ದಂಡ ಸುಮಾರು 0.64. ಈ ದಂಡವೇ ಇಲ್ಲದಿದ್ದರೆ ಪ್ರತಿ ಚಿತ್ರವೂ ದೂರದಲ್ಲೊಂದು ಚುಕ್ಕಿಯಷ್ಟು ಜಾಗ ಹಿಡಿದು ಕೂರುತ್ತದೆ. ನಡುವಿನ ಬಯಲಿನಿಂದ z ಹೆಕ್ಕಿದರೆ ಡಿಕೋಡರ್ ಗೀಚುವುದು ಬರೀ ಕಸ. ದಂಡ ಅತಿಯಾದರೆ ಎಲ್ಲ ಚಿತ್ರಗಳೂ ಒಂದೇ ಜಾಗಕ್ಕೆ ಬಂದು ಬೀಳುತ್ತವೆ. ಯಾವುದು 7, ಯಾವುದು 2 ಎಂದು ಡಿಕೋಡರ್‌ಗೆ ತಿಳಿಯುವ ದಾರಿಯೇ ಉಳಿಯದು. ಆಗ ಎಲ್ಲ ಅಂಕಿಗಳ ಸರಾಸರಿಯನ್ನು ಬಿಡಿಸಿಡುತ್ತದೆ. ನನ್ನ ಬೂದು ಮಸುಕು ಅದೇ ಆಗಿತ್ತು.

ತಪ್ಪು ಸಿಕ್ಕಿದ್ದು ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಮುದ್ರಿಸಿ ನೋಡಿದಾಗ. ಕೆಎಲ್ ಬಹುತೇಕ ಸೊನ್ನೆ. ಚಿತ್ರದಲ್ಲಿ 28×28, ಅಂದರೆ 784 ಚುಕ್ಕಿಗಳು. ಅವುಗಳ ತಪ್ಪನ್ನು ಕೂಡಿಸುವ ಬದಲು ಸರಾಸರಿ ತೆಗೆದಿದ್ದೆ, ಕೆಎಲ್ ಅನ್ನು ಮಾತ್ರ ಕೂಡಿಸಿದ್ದೆ. ಹಾಗಾಗಿ ಕೆಎಲ್‌ನ ತೂಕ 784 ಪಟ್ಟು ಹೆಚ್ಚಿತ್ತು. ಒಟ್ಟು ಲಾಸ್ ಒಂದನ್ನೇ ನೋಡುತ್ತಿದ್ದರೆ ಇದು ಕಾಣುವುದೇ ಇಲ್ಲ.

ಸರಾಸರಿಯನ್ನು ಮೊತ್ತವಾಗಿ ಬದಲಿಸಿದೆ. ಕೆಎಲ್ ನಿಧಾನವಾಗಿ ಮೇಲೇರಿತು, ಮಸುಕಿನೊಳಗಿಂದ 7ರ ಅಡ್ಡಗೆರೆ ಮೂಡಿತು. ಅಂಚುಗಳು ಮಾತ್ರ ಇನ್ನೂ ಮೆತ್ತಗೇ ಇದ್ದವು: ಪಕ್ಕಪಕ್ಕದ ಚಿತ್ರಗಳ ಹರವು ಒಂದರ ಮೇಲೊಂದು ಚಾಚಿಕೊಂಡಿರುವಲ್ಲಿ ಡಿಕೋಡರ್ ಎರಡಕ್ಕೂ ಹೊಂದುವ ಗೆರೆಯನ್ನೇ ಎಳೆಯುತ್ತದೆ.