ಬಾರದ ನಾಯಿಮರಿಗೆ ಬಾಡಿಗೆ

ಹಣ ಕೊಟ್ಟು ನಾಯಿಮರಿ ಸಿಗದೆ ಮೋಸಹೋದವರ ಮಾತು ಕೇಳಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರ ಹಣ ಹೆಚ್ಚಾಗಿ ಹೋದದ್ದು ಮರಿಯ ಬೆಲೆಗಲ್ಲ. ಮುಂಗಡವೆಂದು ಕೊಟ್ಟದ್ದು ಚಿಕ್ಕ ಮೊತ್ತ. ಮರಿ ದಾರಿಯಲ್ಲಿದೆ ಎಂದು ನಂಬಿದ ಮೇಲೆ ಪಂಜರಕ್ಕೆ, ವಿಮೆಗೆ, ಚುಚ್ಚುಮದ್ದಿಗೆ ಎಂದು ಕಟ್ಟಿದ್ದೇ ದೊಡ್ಡದು. ಈ ಕ್ರಮ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ.

ಇದರ ಹಳೆಯ ರೂಪದಲ್ಲಿ ಮರಿಗೆ ಬೆಲೆಯೇ ಇರಲಿಲ್ಲ. ಅಮೆರಿಕದ ಪತ್ರಿಕೆಗಳಲ್ಲಿ, ಜಾಲತಾಣಗಳಲ್ಲಿ ಇಂಗ್ಲಿಷ್ ಬುಲ್‌ಡಾಗ್ ಅಥವಾ ಯಾರ್ಕ್‌ಶೈರ್ ಟೆರಿಯರ್ ಮರಿಯನ್ನು ಉಚಿತವಾಗಿ ಕೊಡುತ್ತೇವೆ ಎಂಬ ಜಾಹೀರಾತು ಬರುತ್ತಿತ್ತು. ಕೊಡುವವರು ಧರ್ಮಪ್ರಚಾರಕ್ಕೆಂದು ನೈಜೀರಿಯಾಕ್ಕೋ ಕ್ಯಾಮರೂನ್‌ಗೋ ಹೋದ ಕುಟುಂಬ. ಅಲ್ಲಿನ ಬಿಸಿಲು ಮರಿಗೆ ಆಗುತ್ತಿಲ್ಲ, ಒಳ್ಳೆಯ ಮನೆ ಸಿಕ್ಕರೆ ಸಾಕು, ಸಾಗಣೆ ಖರ್ಚು ಮಾತ್ರ ಕಳಿಸಿ ಎಂಬುದು ಅವರ ಕಥೆ. 2007ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು. ಮರಿಯ ಬೆಲೆಗಿಂತ ಮರಿಯ ಪ್ರಯಾಣಕ್ಕೆ ಹಣ ಕೇಳುವುದು ಸುಲಭ ಎಂಬ ಪಾಠವನ್ನು ವಂಚಕರು ಆಗಲೇ ಕಲಿತಿದ್ದರು. ಬೆಲೆಯ ವಿಷಯದಲ್ಲಿ ಚೌಕಾಸಿ ಮಾಡುವ ಮನುಷ್ಯ, ಬಿಸಿಲಲ್ಲಿ ಏದುಸಿರು ಬಿಡುವ ಮರಿಯ ವಿಷಯದಲ್ಲಿ ಚೌಕಾಸಿಗೆ ಇಳಿಯುವುದಿಲ್ಲ.

ಉಚಿತದ ಕಥೆ ಹಳತಾದ ಮೇಲೆ ಮಾರಾಟದ ವೇಷ ಬಂತು. 2020ರ ವಸಂತದಲ್ಲಿ ಬ್ರಿಟನ್‌ನಲ್ಲಿ ನಡೆದದ್ದು ಈ ಬೆಳವಣಿಗೆಯ ಮುಖ್ಯ ತಿರುವು. ಅಲ್ಲಿ ಲೂಸಿ ಎಂಬ ಸ್ಪೇನಿಯಲ್ ನಾಯಿಯ ಹೆಸರಿನ ಕಾನೂನೊಂದು ಇಂಗ್ಲೆಂಡಿನಲ್ಲಿ ಏಪ್ರಿಲ್ 6ರಂದು ಜಾರಿಗೆ ಬಂತು. ಮರಿ ಹಾಕಿಸುವ ಕೇಂದ್ರವೊಂದರಲ್ಲಿ ಹೆತ್ತು ಹೆತ್ತು ಸೊರಗಿದ್ದ ಆ ನಾಯಿಯನ್ನು 2013ರಲ್ಲಿ ಕಾಪಾಡಲಾಗಿತ್ತು. ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿಗಳು ಮಾರುವಂತಿಲ್ಲ, ಹುಟ್ಟಿದ ಜಾಗದಲ್ಲೇ ತಾಯಿಯ ಜೊತೆಗೆ ತೋರಿಸಬೇಕು ಎಂಬುದು ಕಾನೂನಿನ ತಿರುಳು. ಆದರೆ ಅದಕ್ಕೆ ಎರಡು ವಾರ ಮೊದಲೇ ದೇಶಕ್ಕೆ ಬೀಗ ಬಿದ್ದಿತ್ತು. ಕಣ್ಣಾರೆ ನೋಡಿ ಕೊಳ್ಳಿ ಎಂದು ಕಾನೂನು ಹೇಳುವ ಹೊತ್ತಿಗೆ ಜನ ಮನೆಯಿಂದ ಹೊರಡುವಂತಿರಲಿಲ್ಲ. ಮನೆಯಲ್ಲೇ ಕೂತವರಿಗೆ ಮರಿಯೊಂದು ಬೇಕೆನಿಸಿದ್ದೂ ಆಗಲೇ. ‘ಬರಲು ಆಗದಿದ್ದರೆ ಪರವಾಗಿಲ್ಲ, ಮುಂಗಡ ಹಾಕಿ, ಮರಿಯನ್ನು ನಿಮಗೇ ಇಟ್ಟಿರುತ್ತೇವೆ’ ಎಂಬ ಮಾತಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮಾರ್ಚ್, ಏಪ್ರಿಲ್ ಎರಡೇ ತಿಂಗಳಲ್ಲಿ 669 ಮಂದಿ 2,82,686 ಪೌಂಡ್ ಕಳೆದುಕೊಂಡರೆಂದು ಅಲ್ಲಿನ ವಂಚನೆ ದೂರು ಕೇಂದ್ರ ಆ್ಯಕ್ಷನ್ ಫ್ರಾಡ್ ಪ್ರಕಟಿಸಿತು. ಮುಂಗಡದ ಹಿಂದೆಯೇ ವಿಮೆ, ಲಸಿಕೆ, ಸಾಗಣೆ ಎಂದು ಒಂದೊಂದಾಗಿ ಬೇಡಿಕೆ ಬರುತ್ತಿತ್ತು ಎಂದೂ ಅದು ಹೇಳಿತು.

ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಗೂಗಲ್ ಕಂಪನಿಯೇ ಕ್ಯಾಮರೂನ್‌ನ ಒಬ್ಬನ ಮೇಲೆ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ದಾವೆ ಹೂಡಿತು. ಬ್ಯಾಸೆಟ್ ಹೌಂಡ್ ಮರಿಗಳ ಚಿತ್ರ ಹಾಕಿ ಜನರನ್ನು ವಂಚಿಸಿದನೆಂಬುದು ಆರೋಪ. ದಾವೆಗೆ ಕಾರಣವಾದ ದೂರು ಸೌತ್ ಕೆರೊಲಿನಾದ್ದು. ಅಲ್ಲಿನವರೊಬ್ಬರು 700 ಡಾಲರನ್ನು ಗಿಫ್ಟ್ ಕಾರ್ಡ್ ರೂಪದಲ್ಲಿ ಕೊಟ್ಟಿದ್ದರು. ಮರಿ ಬರಲಿಲ್ಲ. ಸಾಗಣೆ ಕಂಪನಿ ಕೇಳುತ್ತಿದೆ ಎಂದು ಇನ್ನೂ 1,500 ಡಾಲರ್ ಕೇಳಿದರು. ಎರಡನೆಯ ಮೊತ್ತ ಮೊದಲನೆಯದರ ಎರಡು ಪಟ್ಟಿಗೂ ಹೆಚ್ಚು.

‘ಸಾಗಣೆ ಕಂಪನಿ ಕೇಳುತ್ತಿದೆ’ ಎಂಬ ಮಾತನ್ನು ಗಮನಿಸಬೇಕು. ಕೇಳುವವನು ಈಗ ಮಾರಿದವನಲ್ಲ, ಮೂರನೆಯವನು. ಮಾರಿದವನು ನಿಮ್ಮ ಕಡೆ ನಿಂತು ‘ನನಗೂ ಬೇಜಾರಾಗಿದೆ ಸರ್, ಅರ್ಧ ನಾನೇ ಹಾಕುತ್ತೇನೆ’ ಎನ್ನುತ್ತಾನೆ. ಎರಡು ದನಿಗಳ ಹಿಂದೆ ಇರುವುದು ಒಂದೇ ಕೂಟ.

ಸರಪಳಿ ಹೇಗೆ ಬಿಗಿಯುತ್ತದೆ ಎಂಬುದನ್ನು ಊಹೆಯ ಲೆಕ್ಕವೊಂದರಲ್ಲಿ ನೋಡೋಣ. ದಾವಣಗೆರೆಯ ಒಂದು ಮನೆಯವರು ದೆಹಲಿಯಿಂದ 12,000 ರೂಪಾಯಿಗೆ ಲ್ಯಾಬ್ರಡಾರ್ ಮರಿ ಗೊತ್ತುಮಾಡಿದರೆನ್ನಿ. ಮುಂಗಡ 3,000, ಉಳಿದದ್ದು ಮರಿ ಕೈಸೇರಿದ ಮೇಲೆ. ಸಾಗಣೆಗೆ 4,500. ಮಾರನೆಯ ದಿನ ಫೋನ್ ಬರುತ್ತದೆ: ಮರಿ ವಿಮಾನ ನಿಲ್ದಾಣದಲ್ಲಿದೆ, ತಂಪು ಪಂಜರ ಬೇಕು, 8,000 ಕಟ್ಟಿ, 7,500 ವಾಪಸ್ ಬರುತ್ತದೆ. ಆಮೇಲೆ ವಿಮೆ 11,000, ಪೂರ್ತಿ ವಾಪಸ್. ಇಷ್ಟು ಹೊತ್ತಿಗೆ 26,500 ಹೋಗಿದೆ. ಆದರೆ ಮನೆಯವರ ಲೆಕ್ಕದಲ್ಲಿ ಅದರಲ್ಲಿ 18,500 ತಿರುಗಿ ಬರುವ ದುಡ್ಡು. ಆಗ ಚುಚ್ಚುಮದ್ದಿಗೆ 6,000 ಕೇಳಿದರೆ, ಅದನ್ನು ಕಟ್ಟುವುದು ಖರ್ಚು ಅನಿಸುವುದೇ ಇಲ್ಲ, 18,500 ಉಳಿಸಿಕೊಳ್ಳುವ ದಾರಿ ಅನಿಸುತ್ತದೆ. ಓದಿದವರು, ಬ್ಯಾಂಕಿನಲ್ಲಿ ದುಡಿದವರು ಕೂಡ ಸಿಕ್ಕಿಬೀಳುವುದು ಇಲ್ಲಿ. ಅವರನ್ನು ದಡ್ಡರೆನ್ನುವುದು ಅನ್ಯಾಯ.

ಕೊನೆಗೆ ಬೆದರಿಕೆ. ಇವತ್ತೇ ಕಟ್ಟದಿದ್ದರೆ ಮರಿ ಸಾಯುತ್ತದೆ, ಪ್ರಾಣಿಯನ್ನು ತೊರೆದ ಕೇಸು ನಿಮ್ಮ ಮೇಲೆ ಬೀಳುತ್ತದೆ, ಜೈಲಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಸಾಕುಪ್ರಾಣಿಯನ್ನು ತೊರೆಯುವುದು ಅಪರಾಧ ನಿಜ. ಆದರೆ ಮೊದಲ ಸಲದ ತಪ್ಪಿಗೆ ಅಲ್ಲಿ ಹೇಳಿರುವ ದಂಡ 10ರಿಂದ 50 ರೂಪಾಯಿ. ಅದೂ ಪ್ರಾಣಿಯನ್ನು ಕೈಯಲ್ಲಿಟ್ಟುಕೊಂಡವರ ಮಾತು. ಕೈಗೇ ಸಿಗದ ಮರಿಯನ್ನು ತೊರೆಯುವುದು ಹೇಗೆ?

ನಿಜವಾದ ಸಾಗಣೆಯಲ್ಲಿ ಈ ಬಾಬತ್ತುಗಳು ಹೀಗಿರುವುದಿಲ್ಲ. ರೈಲಿನಲ್ಲಾದರೆ ಪಾರ್ಸೆಲ್ ಕಚೇರಿಯಲ್ಲಿ ತೂಗಿ, ಹಣ ಕಟ್ಟಿ, ರಸೀದಿ ಪಡೆದ ಮೇಲೆಯೇ ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆ ಸೇರುತ್ತದೆ. ವಿಮಾನದಲ್ಲೂ ತೂಕ, ಪಂಜರದ ಅಳತೆ ನೋಡಿ ಬುಕಿಂಗ್‌ನಲ್ಲೇ ಬಾಡಿಗೆ ಕಟ್ಟಿಸಿಕೊಳ್ಳುತ್ತಾರೆ. ಪಂಜರವನ್ನು ಕಳಿಸುವವರು ಮೊದಲೇ ಕೊಂಡಿರುತ್ತಾರೆ. ವಿಮೆಯ ಕಂತು ಪ್ರಯಾಣ ಮುಗಿದ ಮೇಲೆ ವಾಪಸ್ ಬರುವ ಠೇವಣಿಯಲ್ಲ. ಮರಿ ಸುಖವಾಗಿ ತಲುಪಿದರೆ ಆ ಹಣ ಹೋದದ್ದೇ. ಹಾಗಾಗಿ ‘ಪೂರ್ತಿ ವಾಪಸ್ ಬರುವ ವಿಮೆ’ ಎಂಬ ಮಾತೇ ಸುಳ್ಳಿನ ಗುರುತು.

ಚುಚ್ಚುಮದ್ದಿನ ಸುಳ್ಳನ್ನು ಮರಿಯ ವಯಸ್ಸೇ ಹೊರಗೆಡಹುತ್ತದೆ. ಡಿಸ್ಟೆಂಪರ್, ಪಾರ್ವೊ ವಿರುದ್ಧದ ಮೊದಲ ಡೋಸ್ ಆರರಿಂದ ಎಂಟು ವಾರಕ್ಕೆ, ರೇಬಿಸ್ ಲಸಿಕೆ ಸಾಮಾನ್ಯವಾಗಿ ಹನ್ನೆರಡು ವಾರದ ಹೊತ್ತಿಗೆ. ಏಳು ವಾರದ ಮರಿಗೆ ದಾರಿಯಲ್ಲಿ ರೇಬಿಸ್ ಲಸಿಕೆ ಹಾಕಿಸಬೇಕು ಎಂದರೆ ಅನುಮಾನಿಸಲೇಬೇಕು. ಲಸಿಕೆ ಮೈಗೂಡಲು ವಾರಗಳೇ ಬೇಕಾದ್ದರಿಂದ ನಿಲ್ದಾಣದಲ್ಲಿ ಅವಸರಕ್ಕೆ ಚುಚ್ಚಿಸಿ ಪ್ರಯೋಜನವೂ ಇಲ್ಲ. ಲಸಿಕೆ ಪುಸ್ತಕದಲ್ಲಿ ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ಅದರ ಬ್ಯಾಚ್ ಸಂಖ್ಯೆ, ಪಶುವೈದ್ಯರ ಸಹಿ ಇರುತ್ತವೆ. ಅದರ ಫೋಟೊ ಕೇಳಿ, ಆ ವೈದ್ಯರಿಗೇ ಫೋನ್ ಮಾಡಬಹುದು.

ವಿಮಾನದಲ್ಲಿ ಬರುತ್ತಿದೆ ಎಂದವರ ಹತ್ತಿರ ಏರ್‌ವೇ ಬಿಲ್ ಸಂಖ್ಯೆ ಕೇಳಿ. ಅದು 11 ಅಂಕಿಯದು. ಮೊದಲ ಮೂರು ವಿಮಾನ ಸಂಸ್ಥೆಯ ಸಂಕೇತ, ಏರ್ ಇಂಡಿಯಾದ್ದಾದರೆ 098. ಆಮೇಲಿನ ಏಳು ಅಂಕಿಗಳನ್ನು ಒಂದು ಸಂಖ್ಯೆಯಾಗಿ ಓದಿ 7ರಿಂದ ಭಾಗಿಸಿದರೆ ಉಳಿಯುವ ಶೇಷವೇ ಕೊನೆಯ ಅಂಕಿ. 1234567ಕ್ಕೆ ಶೇಷ 5, ಆದ್ದರಿಂದ 12345675 ಸರಿ, 12345678 ಆಗದು. ಲೆಕ್ಕ ಕೂಡಿಬಂದರೂ ಅದು ಬೇರೆಯವರ ಸರಕಿನ ಸಂಖ್ಯೆಯಾಗಿರಬಹುದು. ಅವರು ಕಳಿಸಿದ ಕೊಂಡಿಯನ್ನು ಬಿಟ್ಟು, ವಿಮಾನ ಸಂಸ್ಥೆಯ ಸ್ವಂತ ತಾಣದಲ್ಲೇ ಹುಡುಕಿ ಎಲ್ಲಿಂದ ಎಲ್ಲಿಗೆ ಎಂದು ನೋಡಬೇಕು.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೂ ವಂಚಕರ ಖಾತೆಯಲ್ಲಿದ್ದರೆ ತಡೆಹಿಡಿಯುವ ಅವಕಾಶವಿದೆ. ಹಣ ಹಾಕುವ ಮೊದಲಾದರೆ, ಅವರು ಕಳಿಸಿದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡಿ. ಎಷ್ಟೋ ಸಲ ಅದೇ ಮರಿ, ಅದೇ ಕೆಂಪು ಹಾಸಿನ ಮೇಲೆ, ಮೂರು ವರ್ಷ ಹಿಂದಿನ ತಾರೀಖಿನ ಜೊತೆ ಇನ್ಯಾರದೋ ಮನೆಯ ಪುಟದಲ್ಲಿ ಸಿಗುತ್ತದೆ. ಅದು ಈಗ ಬೆಳೆದ ನಾಯಿ, ತನ್ನ ಮನೆಯಲ್ಲೇ ಇದೆ.