ಕಣ್ಣೀರಿಗೆ ಎಷ್ಟು ಅಂಕ?

ಊರ ಜಾತ್ರೆಯಲ್ಲಿ ಹಾಡಿನ ಸ್ಪರ್ಧೆ ಇಟ್ಟಾಗ ತೀರ್ಪುಗಾರರ ಕೈಗೆ ಒಂದು ಹಾಳೆ ಕೊಡುತ್ತಾರೆ. ಬಹುಪಾಲು ಊರುಗಳಲ್ಲಿ ಅದು ಶಾಲೆಯ ಸ್ಪರ್ಧೆಗಳ ಹಾಳೆಯದೇ ನಕಲು. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಅಂಕ ಕೂಡಿಸಲು ಕುಳಿತಿದ್ದ ಸ್ಪರ್ಧೆಯ ಹಾಳೆಯಲ್ಲಿ ಸ್ವರ, ಲಯ, ಸಾಹಿತ್ಯ, ಭಾವ, ಪ್ರಸ್ತುತಿ ಎಂದು ಐದು ಮನೆಗಳಿದ್ದವು. ಒಂದೊಂದಕ್ಕೆ 10ರಂತೆ ಒಟ್ಟು 50 ಅಂಕ. ಹಾಡು ಕೇಳಿ ಇಡೀ ಪೆಂಡಾಲು ಕಣ್ಣೊರೆಸಿಕೊಂಡರೂ ಅದಕ್ಕೆ ಸಿಗುವುದು ಭಾವದ ಮನೆಯ ಹತ್ತೇ ಅಂಕ. ಉಳಿದ ನಲವತ್ತು ಬೇರೆ ಲೆಕ್ಕಕ್ಕೆ ಸೇರಿದ್ದು. ಈ ಹಂಚಿಕೆ ಯಾರೂ ಹಾಡುವ ಮೊದಲೇ ಆಗಿಹೋಗಿರುತ್ತದೆ.

ಅಲ್ಲಿದ್ದ ತೀರ್ಪುಗಾರರು ಇಬ್ಬರು. ಒಬ್ಬರು ಗದಗಿನಲ್ಲಿ ಹಿಂದುಸ್ತಾನಿ ಕಲಿತ ಸಂಗೀತ ಮಾಸ್ತರರು. ಇನ್ನೊಬ್ಬರು ನಿವೃತ್ತ ಕನ್ನಡ ಶಿಕ್ಷಕಿ. ಅವರು ಸುತ್ತಲಿನ ಹೆಣ್ಣುಮಕ್ಕಳಿಂದ ಬೀಸುವ ಕಲ್ಲಿನ ಹಾಡುಗಳನ್ನು ಕೇಳಿ ಬರೆದಿಟ್ಟುಕೊಂಡವರು. ಈ ಸೀಮೆಗೆ ಅದು ಹೊಸ ಕೆಲಸವೇನಲ್ಲ. ಹಲಸಂಗಿಯ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲೇ ಅಚ್ಚಾಗಿತ್ತು.

ಸ್ಪರ್ಧೆಯಲ್ಲಿ ಮೂವರ ನಡುವೆ ಪೈಪೋಟಿ ಬಿತ್ತು. ಒಬ್ಬ ಯುವಕ, ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಸಿ ಜನಪದ ಗೀತೆಯೊಂದನ್ನು ಅಚ್ಚುಕಟ್ಟಾಗಿ ಹಾಡಿದ. ಭಜನಾ ಮೇಳದ ಹಿರಿಯರೊಬ್ಬರು ತಾವೇ ಹಾರ್ಮೋನಿಯಂ ನುಡಿಸುತ್ತ ಹಾಡಿದರು. ಮೂರನೆಯವರು ಕೂಲಿ ಮಾಡುವ, ಐವತ್ತರ ಆಸುಪಾಸಿನ ಹೆಂಗಸು. ಮೈಕು ಹಿಡಿದದ್ದು ಅದೇ ಮೊದಲು. ಶ್ರುತಿ ಇಲ್ಲ, ತಾಳ ಇಲ್ಲ. ಅಣ್ಣ ಸೀರೆ ತರದಿದ್ದರೂ ಚಿಂತೆಯಿಲ್ಲ, ಒಮ್ಮೆ ಬಂದು ಮುಖ ತೋರಿಸಿ ಹೋಗಲಿ ಎಂದು ತಂಗಿ ಹೇಳುವ ತವರಿನ ತ್ರಿಪದಿಗಳನ್ನು ಎತ್ತಿಕೊಂಡರು.

ಎತ್ತಿಕೊಂಡದ್ದೇ ಮೇಲಿನ ದನಿಯಲ್ಲಿ. ಅಂಜಿಕೆಯಾದಾಗ ಗಂಟಲು ಬಿಗಿದು ದನಿ ತಾನಾಗಿ ಮೇಲೇರುತ್ತದೆ. ಶ್ರುತಿ ಹಿಡಿದು ಹಾಡದವರು ವೇದಿಕೆಯಲ್ಲಿ ಎಡವುವುದು ಸಾಮಾನ್ಯವಾಗಿ ಇಲ್ಲೇ. ಮೊದಲ ಎರಡು ನುಡಿ ಹೇಗೋ ದಾಟಿದವು. ಮೂರನೆಯದರಲ್ಲಿ ಧಾಟಿ ಏರುವ ಜಾಗದಲ್ಲಿ ದನಿ ಒಡೆಯಿತು. ಮೈಕು ತುಟಿಗೆ ತಾಗಿ ಉಸಿರೆಲ್ಲ ಬುಸುಗುಟ್ಟಿತು. ಅವರು ಒಂದು ಕ್ಷಣ ನಿಂತರು, ಅದೇ ಸಾಲನ್ನು ಮತ್ತೆ ಹಿಡಿದು ಮುಂದುವರಿದರು. ಅಷ್ಟರಲ್ಲಿ ಮುಂದೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು.

ಎರಡು ಹಾಳೆಗಳು ನನ್ನ ಕೈಗೆ ಬಂದಾಗ ಒಂದೇ ಹಾಡನ್ನು ಇಬ್ಬರೂ ಕೇಳಿದ್ದಾರೆ ಎಂದು ನಂಬುವುದು ಕಷ್ಟವಾಯಿತು. ಮಾಸ್ತರರು ಆ ಹೆಂಗಸಿಗೆ ಸ್ವರಕ್ಕೆ 4, ಲಯಕ್ಕೆ 4, ಸಾಹಿತ್ಯಕ್ಕೆ 5, ಭಾವಕ್ಕೆ 8, ಪ್ರಸ್ತುತಿಗೆ 4 ಹಾಕಿದ್ದರು, ಒಟ್ಟು 25. ಶಿಕ್ಷಕಿ ಅದೇ ಕ್ರಮದಲ್ಲಿ 7, 7, 9, 9, 6 ಎಂದು 38 ಕೊಟ್ಟಿದ್ದರು. ಯುವಕನಿಗೆ ಮಾಸ್ತರರಿಂದ 39, ಶಿಕ್ಷಕಿಯಿಂದ 34. ಭಜನೆಯ ಹಿರಿಯರಿಗೆ 34 ಮತ್ತು 30. ಕೂಡಿಸಿದರೆ ಯುವಕನಿಗೆ 73, ಹಿರಿಯರಿಗೆ 64, ಹೆಂಗಸಿಗೆ 63.

ಇಲ್ಲಿ ಕೊಂಚ ನಿಲ್ಲಬೇಕು. ಮಾಸ್ತರರು ಯುವಕನಿಗೂ ಹೆಂಗಸಿಗೂ ನಡುವೆ ಇಟ್ಟ ಅಂತರ 14 ಅಂಕ. ಶಿಕ್ಷಕಿ ಹೆಂಗಸನ್ನೇ ಮೊದಲ ಸ್ಥಾನದಲ್ಲಿಟ್ಟಿದ್ದರೂ ಅವರ ಅಂತರ 4 ಮಾತ್ರ. ಇಬ್ಬರ ಮಾತಿಗೂ ಸಮಾನ ತೂಕ ಎಂದು ಸಮಿತಿ ತಿಳಿದಿತ್ತು. ಆದರೆ ಅಂಕಗಳನ್ನು ಬರೀ ಕೂಡಿಸುವಾಗ ಯಾರು ಅಂಕಗಳನ್ನು ದೂರ ದೂರ ಹರಡುತ್ತಾರೋ ಅವರ ಅಭಿಪ್ರಾಯವೇ ಗೆಲ್ಲುತ್ತದೆ. ಕೈ ಬಿಗಿಹಿಡಿದು ಮೂವತ್ತರಿಂದ ನಲವತ್ತರೊಳಗೆ ಎಲ್ಲರನ್ನೂ ಇಡುವವರ ಮಾತು ಲೆಕ್ಕದಲ್ಲಿ ಕರಗಿಹೋಗುತ್ತದೆ. ಅಂಕದ ಬದಲು ಇಬ್ಬರ ಸ್ಥಾನಗಳನ್ನಷ್ಟೇ ಕೂಡಿಸಿ ನೋಡಿದೆ. ಯುವಕನಿಗೆ ಒಂದು ಮತ್ತು ಎರಡು, ಒಟ್ಟು ಮೂರು. ಹೆಂಗಸಿಗೆ ಮೂರು ಮತ್ತು ಒಂದು, ಒಟ್ಟು ನಾಲ್ಕು. ಹಿರಿಯರಿಗೆ ಎರಡು ಮತ್ತು ಮೂರು, ಒಟ್ಟು ಐದು. ಅದೇ ಎರಡು ಹಾಳೆ, ಅದೇ ಅಭಿಪ್ರಾಯ. ಕೂಡಿಸುವ ರೀತಿ ಬದಲಾದರೆ ಮೂರನೆಯವರು ಎರಡನೆಯವರಾಗುತ್ತಾರೆ. ಇದನ್ನು ತೋರಿಸಿ, ಒಮ್ಮೆ ಮಾತಾಡಿಕೊಳ್ಳಿ ಎಂದು ಇಬ್ಬರನ್ನೂ ಕೇಳಿಕೊಂಡೆ.

ಮೊದಲು ಮಾಸ್ತರರೇ ಶುರು ಮಾಡಿದರು. “ಅಲ್ರೀ ಟೀಚರ್, ಸಾಹಿತ್ಯಕ್ಕ ಒಂಬತ್ತು ಹೆಂಗ ಕೊಟ್ರಿ? ಆಕಿ ಪ್ರತಿ ನುಡಿಯಾಗೂ ಎರಡನೇ ಸಾಲು ಮರತಾಳ. ಅದಕ್ಕ ಹೇಳಿದ್ದನ್ನ ತಿರುಗಿ ಹೇಳ್ಯಾಳ.”

“ಮರತಿಲ್ರಿ ಸರ. ತ್ರಿಪದಿ ಹಾಡೋದ ಹಂಗ.”

ಶಿಕ್ಷಕಿಯ ಮಾತು ಸರಿ. ತ್ರಿಪದಿ ಕಾಗದದ ಮೇಲೆ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೊಮ್ಮೆ ಹೇಳಿ, ಆಮೇಲೆ ಮೂರನೆಯದಕ್ಕೆ ಹೋಗುವುದು ವಾಡಿಕೆ. ಹೀಗೆ ಕಿವಿಗೆ ಅದು ನಾಲ್ಕು ಸಾಲಾಗಿ ಕೇಳುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಕಾಣುವಷ್ಟು ಹಳೆಯ ಛಂದಸ್ಸು ಇದು. ಆ ಹೆಂಗಸು ಎಲ್ಲ ನುಡಿಗಳಲ್ಲೂ ಅದೇ ಜಾಗದಲ್ಲಿ, ಅಷ್ಟೇ ಪದಗಳನ್ನು ತಿರುಗಿ ಹೇಳಿದ್ದರು. ಮರೆವನ್ನು ಗುರುತಿಸುವುದು ಇದರಿಂದಲೇ. ಮರೆತವರು ಒಂದು ನುಡಿಯಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ತಡವರಿಸುತ್ತಾರೆ. ಮಾಸ್ತರರು ತಮ್ಮ ಟಿಪ್ಪಣಿ ನೋಡಿಕೊಂಡು, 5 ಹೊಡೆದುಹಾಕಿ 8 ಎಂದು ಬರೆದರು.

ಲಯದ ಮಾತು ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಹಾಡು ನಡುನಡುವೆ ನಿಧಾನವಾಗಿ ಮತ್ತೆ ಬಿರುಸಾಗುತ್ತಿದೆ ಎಂಬುದು ಮಾಸ್ತರರ ದೂರು. ಶಿಕ್ಷಕಿ ಬೀಸುವ ಕಲ್ಲಿನ ವಿಷಯ ತೆಗೆದರು. ಈ ಹಾಡಿಗೆ ತಾಳ ಹಾಕುವುದು ಗೂಟ ಹಿಡಿದು ತಿರುಗಿಸುವ ಕೈ. ಕಲ್ಲಿನ ಬಾಯಿಗೆ ಒಂದು ಮುಕ್ಕು ಜೋಳ ಹಾಕಿದೊಡನೆ ಕಲ್ಲು ಭಾರವಾಗುತ್ತದೆ, ಸುತ್ತು ನಿಧಾನವಾಗುತ್ತದೆ. ಕಾಳು ನುರಿದಂತೆ ಮತ್ತೆ ಹಗುರಾಗಿ ಓಡುತ್ತದೆ. ಹಾಡು ಕೈಯ ಹಿಂದೆಯೇ ಹೋಗುತ್ತದೆ. ಊರೂರಿಗೆ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಈಗ ಹಾಡು ಮಾತ್ರ ವೇದಿಕೆಗೆ ಬಂದಿದೆ, ಅದರ ಏರಿಳಿತಕ್ಕೆ ಕಾರಣವಾದ ಕಲ್ಲು ಕೇಳುವವರ ಕಣ್ಣಿಗೆ ಬೀಳುವುದಿಲ್ಲ.

ಮಾಸ್ತರರು ಒಂದು ಒಳ್ಳೆಯ ಕೆಲಸ ಮಾಡಿದರು. ಆ ಹೆಂಗಸನ್ನು ಕರೆಸಿ, “ಅಕ್ಕಾರ, ಕಲ್ಲಿನ ಮುಂದ ಕುಂತಂಗ ಕುಂತು ಒಂದ ನುಡಿ ಅನ್ರಿ” ಎಂದರು. ಅವರು ಅಲ್ಲೇ ನೆಲಕ್ಕೆ ಕುಳಿತು, ಬರಿಗೈಯನ್ನು ಸುತ್ತುತ್ತ ಹಾಡಿದರು. ದನಿ ಒಂದಿಷ್ಟು ಕೆಳಗಿಳಿದಿತ್ತು. ನಡೆ ಎಲ್ಲಿ ನಿಧಾನವಾಯಿತೋ ಅಲ್ಲಿ ಕೈಯೂ ನಿಧಾನವಾಯಿತು. ಮಾಸ್ತರರು ತೊಡೆಯ ಮೇಲೆ ಬೆರಳಿಂದ ಎಣಿಸುತ್ತಿದ್ದರು. ಕೊನೆಗೆ ಲಯಕ್ಕೆ 6 ಮಾಡಿದರು, ಅದಕ್ಕಿಂತ ಹೆಚ್ಚು ಕೊಡಲಿಲ್ಲ. ವೇದಿಕೆಯ ಮೇಲೆ ಮೂರನೆಯ ನುಡಿಯಲ್ಲಿ ಆದದ್ದು ಕಲ್ಲಿನ ನಡೆಯಲ್ಲ, ದನಿ ಒಡೆದ ಮೇಲೆ ಆದ ಗಲಿಬಿಲಿ ಎಂದರು. ಅದೂ ನಿಜವೇ. ಪರಂಪರೆಯಿಂದ ಬಂದ ಏರಿಳಿತವನ್ನು ತಪ್ಪು ಎನ್ನುವುದು ಎಷ್ಟು ಅನ್ಯಾಯವೋ, ನಿಜವಾದ ತಪ್ಪನ್ನು ಪರಂಪರೆಯ ತಲೆಗೆ ಕಟ್ಟುವುದೂ ಅಷ್ಟೇ ಅನ್ಯಾಯ.

ಶಿಕ್ಷಕಿಗೂ ತಮ್ಮ ಹಾಳೆಯಲ್ಲಿ ಒಂದು ಅಂಕಿ ಚುಚ್ಚುತ್ತಿತ್ತು. ಸ್ವರಕ್ಕೆ 7 ಹಾಕಿದ್ದೆನಲ್ಲ, ಅದರಲ್ಲಿ ಭಾವದ ಪಾಲೂ ಸೇರಿಬಿಟ್ಟಿದೆ ಎಂದು ಅವರೇ ಒಪ್ಪಿಕೊಂಡು 5ಕ್ಕೆ ಇಳಿಸಿದರು. ಹಾಡು ಹಿಡಿಸಿದಾಗ ಎಲ್ಲ ಮನೆಗಳಲ್ಲೂ ಅಂಕ ಏರುವುದು, ಹಿಡಿಸದಿದ್ದಾಗ ಎಲ್ಲದರಲ್ಲೂ ಇಳಿಯುವುದು ತೀರ್ಪುಗಾರರಲ್ಲಿ ನಾನು ಅತಿ ಹೆಚ್ಚು ಕಂಡ ದೋಷ. ಐದು ಮನೆ ಇದ್ದೂ ಒಂದೇ ಅಂಕ ಐದು ಸಲ ಬಿದ್ದಿರುತ್ತದೆ. ಸ್ಪರ್ಧಿಯಿಂದ ಸ್ಪರ್ಧಿಗೆ ಹೋಗದೆ, ಒಂದು ಮನೆ ಹಿಡಿದು ಎಲ್ಲರ ಅಂಕವನ್ನೂ ಮೇಲಿಂದ ಕೆಳಗೆ ಓದಿದರೆ ಇದು ಕೂಡಲೇ ಕಾಣುತ್ತದೆ.

ಭಾವದ ಬಗ್ಗೆ ಮಾಸ್ತರರು ಕೇಳಿದ ಪ್ರಶ್ನೆ ಗಟ್ಟಿಯಾಗಿತ್ತು. “ತವರಿನ ಹಾಡು ಅಂದ್ರ ಹೆಣ್ಣಮಕ್ಕಳು ಅಳೂದ ಅಳೂದು. ಅದು ಹಾಡಿನ ಗುಣ, ಅವರವರ ನೆನಪು. ಹಾಡಿದಾಕಿದು ಅದರಾಗ ಎಷ್ಟು ಪಾಲು?”

ಶಿಕ್ಷಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರಿಸಿದರು. “ಮುಂಜಾನಿಂದ ತವರಿನ ಹಾಡು ಇನ್ನೂ ಮಂದಿ ಹಾಡ್ಯಾರಲ್ರಿ ಸರ. ಇದೇ ಮಂದಿ ಕೂತು ಕೇಳ್ಯಾರ. ಆವಾಗ ಯಾರರ ಅತ್ರೇನು?”

ಭಾವವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ಗೊತ್ತಿಲ್ಲ. ವಸ್ತು ಅದೇ, ಕೇಳುವವರು ಅವರೇ; ಬದಲಾದದ್ದು ಹಾಡುವವರು ಮಾತ್ರ. ಹಾಗಿದ್ದರೆ ಆದ ವ್ಯತ್ಯಾಸ ಅವರ ಗಳಿಕೆ. ಈ ಹೆಂಗಸು ಕೈ ಚಾಚಲಿಲ್ಲ, ಮುಖ ಬಾಡಿಸಲಿಲ್ಲ, ಕಣ್ಣೀರನ್ನು ನಟಿಸಲಿಲ್ಲ. ಮಾತನ್ನು ಮಾತಿನಂತೆ ಸ್ಪಷ್ಟವಾಗಿ ಅಂದರು. ತಂಗಿ ತನಗೆ ಏನೂ ಬೇಡ ಎನ್ನುವ ಕಡೆ ದನಿಯನ್ನು ಎಳೆಯದೆ ಮೊಟಕಾಗಿ ಬಿಟ್ಟರು. ಬೇಡ ಎಂದು ಒಣಗಿ ಹೇಳಿದ್ದಕ್ಕೇ ಬೇಕು ಎಂಬುದು ಕೇಳಿಸಿತು. ಒಡೆದ ದನಿಗೆ ನಾನು ಅಂಕ ಕೊಡಲಾರೆ, ಈ ಮೊಟಕಿಗೆ ಕೊಡುತ್ತೇನೆ. ಮಾಸ್ತರರು 8ನ್ನು ಹಾಗೇ ಉಳಿಸಿಕೊಂಡರು, ಶಿಕ್ಷಕಿ 9ನ್ನು.

ಒಬ್ಬರ ಅಂಕ ತಿದ್ದಿದ ಮೇಲೆ ಉಳಿದವರನ್ನೂ ಅದೇ ಕಣ್ಣಿನಿಂದ ನೋಡದಿದ್ದರೆ ಅದು ಪಕ್ಷಪಾತ. ಇಬ್ಬರೂ ಮತ್ತೆ ಹಾಳೆಗಳನ್ನು ಓದಿದರು. ಯುವಕನ ಟ್ರ್ಯಾಕಿನಲ್ಲಿ ಹಾರ್ಮೋನಿಯಂ ಅವನ ಜೊತೆಯಲ್ಲೇ ಸ್ವರ ನುಡಿಯುತ್ತ ಹೋಗಿತ್ತು. ಅವನು ಜಾರಿದ ಕಡೆ ಅದು ಮುಚ್ಚಿಕೊಂಡಿತ್ತು. ಇದನ್ನು ಗಮನಿಸಿದವರು ಮಾಸ್ತರರೇ, ಒಂದು ಅಂಕ ಇಳಿಸಿದವರೂ ಅವರೇ. ಹಿರಿಯರ ಅಂಕದಲ್ಲಿ ಬದಲಾವಣೆ ಆಗಲಿಲ್ಲ. ಕೊನೆಯ ಲೆಕ್ಕ ಹೀಗೆ ಬಂತು: ಯುವಕನಿಗೆ 72, ಹೆಂಗಸಿಗೆ 30 ಮತ್ತು 36 ಸೇರಿ 66, ಹಿರಿಯರಿಗೆ 64.

ಮೊದಲ ಬಹುಮಾನ ಯುವಕನಿಗೇ ಹೋಯಿತು. ಶಿಕ್ಷಕಿಗೆ ಅದು ಈಗಲೂ ಒಪ್ಪಿಗೆಯಿಲ್ಲ. ಟ್ರ್ಯಾಕ್ ಹಾಕಿಕೊಂಡು ಹಾಡಿದವರನ್ನೂ ಬರಿಗಂಟಲಲ್ಲಿ ಹಾಡಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇ ಸಮಿತಿಯ ತಪ್ಪು ಎನ್ನುತ್ತಾರೆ. ಮಾಸ್ತರರು ಒಪ್ಪುವುದಿಲ್ಲ. ಬೇರೆ ಮಾಡಿದರೆ ಹಳೆಯ ಹಾಡಿನವರಿಗೆ ರಿಯಾಯಿತಿ ಕೊಟ್ಟಂತಾಗುತ್ತದೆ, ಅದರ ಬದಲು ಹಾಡುವ ಮೊದಲು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಸಿ, ಮೈಕನ್ನು ಸ್ಟ್ಯಾಂಡಿಗೆ ಹಾಕಿ, ಒಂದು ನುಡಿ ರೂಢಿ ಮಾಡಿಸಿ ಎನ್ನುತ್ತಾರೆ. ಅಷ್ಟಾಗಿದ್ದರೆ ಆಕೆಗೆ ಸ್ವರದಲ್ಲೂ ಪ್ರಸ್ತುತಿಯಲ್ಲೂ ತಾನೇ ಏಳೇಳು ಕೊಡುತ್ತಿದ್ದೆ ಎಂಬುದು ಅವರ ಮಾತು. ಅವರ ಹಾಳೆಯಲ್ಲಿ ಆ ಎರಡು ಮನೆಗಳಲ್ಲಿ ಇದ್ದದ್ದು ನಾಲ್ಕು ನಾಲ್ಕು. ಏಳೇಳಾಗಿದ್ದರೆ ಆಕೆಯ ಮೊತ್ತ 72ಕ್ಕೆ ಮುಟ್ಟುತ್ತಿತ್ತು. ಮೊದಲ ಸ್ಥಾನ ಇಬ್ಬರಿಗೂ ಹಂಚಬೇಕಾಗುತ್ತಿತ್ತು.