ಹಬ್ಬದ ಲಕೋಟೆಯೊಳಗೊಂದು ಚೀಟಿ

ಮನೆಗೆಲಸದವರಿಗೆ ದೀಪಾವಳಿಗೆ ಒಂದು ತಿಂಗಳ ಸಂಬಳವನ್ನು ಬೋನಸ್ಸಾಗಿ ಕೊಡುವ ರೂಢಿ ಬೆಂಗಳೂರಿನ ಅನೇಕ ಮನೆಗಳಲ್ಲಿದೆ. 1965ರ ಬೋನಸ್ ಕಾಯ್ದೆ ಕಾರ್ಖಾನೆ, ಸಂಸ್ಥೆಗಳಿಗಾಗಿ ಬಂದದ್ದು. ಅದು ಗೊತ್ತುಮಾಡಿದ ಕನಿಷ್ಠ ಬೋನಸ್ ವರ್ಷದ ಸಂಬಳದ ಶೇ. 8.33, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಕಾಯ್ದೆಯ ವ್ಯಾಪ್ತಿಗೆ ಮನೆಗಳು ಬರದಿದ್ದರೂ ಮನೆಯ ರೂಢಿ ಅದೇ ಅಳತೆಗೆ ಹೊಂದುತ್ತದೆ.

ವರ್ಷ ತುಂಬದವರಿಗೂ ಇದೇ ಲೆಕ್ಕ ಸಾಕು. ಮಾರ್ಚಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ತಿಂಗಳಿಗೆ 4,000 ರೂಪಾಯಿ ಸಂಬಳ ಎಂದುಕೊಳ್ಳಿ. ಅಕ್ಟೋಬರ್ ಕೊನೆಗೆ ಎಂಟು ತಿಂಗಳಾಗುತ್ತದೆ. 4,000ವನ್ನು ಎಂಟರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಸುಮಾರು 2,667. ಅದನ್ನು 2,700 ಮಾಡಿ ಕೊಡುವುದು ಚೆನ್ನ.

ದುಡ್ಡಿನ ಜೊತೆ ಚೀಟಿ ಏಕೆ ಬೇಕು? ಹಬ್ಬ ತಿಂಗಳ ಕೊನೆಗೆ ಬಂದಾಗ ಸಂಬಳ, ಬೋನಸ್ ಎರಡೂ ಒಟ್ಟಿಗೆ ಕೈಸೇರುತ್ತವೆ. ಮೊದಲೇ ಪಡೆದ ಮುಂಗಡವನ್ನು ಇದರಲ್ಲೇ ಹಿಡಿದುಕೊಂಡರೋ ಎಂಬ ಅನುಮಾನವೂ ಬರುತ್ತದೆ. ಬಾಯಿಬಿಟ್ಟು ಕೇಳಲು ಅವರಿಗೆ ಸಂಕೋಚ. ಕೇಳುವ ಪ್ರಮೇಯವೇ ಬಾರದಂತೆ ನಾವೇ ಬರೆದುಕೊಟ್ಟರೆ ಅವರ ಮರ್ಯಾದೆ ಉಳಿಯುತ್ತದೆ. ಚೀಟಿ ಹೀಗಿರಬಹುದು:

“ಅಕ್ಕ, ನಿಮಗೂ ನಿಮ್ಮ ಮನೆಯವರಿಗೂ ದೀಪಾವಳಿಯ ಶುಭಾಶಯಗಳು. ಈ ಲಕೋಟೆಯಲ್ಲಿರುವ 2,700 ರೂಪಾಯಿ ನಿಮ್ಮ ಹಬ್ಬದ ಬೋನಸ್. ತಿಂಗಳ ಸಂಬಳ ಬೇರೆ ಕೊಡುತ್ತೇವೆ. ಮುಂಗಡಕ್ಕೆ ಇದರಲ್ಲಿ ಏನೂ ಹಿಡಿದಿಲ್ಲ. ನರಕ ಚತುರ್ದಶಿಯಿಂದ ಬಲಿಪಾಡ್ಯಮಿಯವರೆಗೆ ನಿಮಗೆ ರಜೆ, ಸಂಬಳ ಕಡಿತವಿಲ್ಲ. ಮಳೆಗಾಲದಲ್ಲಿ ಅಮ್ಮ ಹುಷಾರು ತಪ್ಪಿದಾಗ ದಿನಾ ಅವರಿಗೆ ಬಿಸಿ ಗಂಜಿ ಮಾಡಿಕೊಟ್ಟಿರಿ. ಅದಕ್ಕೆ ನಾವೆಲ್ಲ ಋಣಿ.”

ಕೊನೆಯಲ್ಲಿ ಮನೆಯವರ ಸಹಿ, ತಾರೀಕು ಇರಲಿ. “ನೀವು ನಮ್ಮ ಮನೆಯವರೇ” ಎಂದು ಬರೆಯುವುದಕ್ಕಿಂತ ಅವರು ಮಾಡಿದ ಒಂದು ಕೆಲಸವನ್ನು ನೆನೆಯುವುದು ಮೇಲು. ತಮ್ಮ ಶ್ರಮ ಇವರ ಕಣ್ಣಿಗೆ ಬಿದ್ದಿದೆ ಎಂದು ಆಗ ಅವರಿಗೆ ತಿಳಿಯುತ್ತದೆ. “ರಜೆ ಜಾಸ್ತಿ ಹಾಕಬೇಡಿ” ಎಂಬಂಥ ಬುದ್ಧಿಮಾತು ಈ ಚೀಟಿಯಲ್ಲಿ ಬೇಡ. ಸೀರೆ, ಸಿಹಿ ಕೊಡುವುದಿದ್ದರೆ ಬೋನಸ್ಸಿನ ಜೊತೆಗೆ ಕೊಡಿ, ಅದರ ಬದಲಿಗೆ ಬೇಡ. ಮಕ್ಕಳ ಶಾಲೆಗೋ ಮನೆ ಬಾಡಿಗೆಗೋ ದುಡ್ಡು ಬೇಕಾಗಿದ್ದರೆ ಸೀರೆಯಿಂದ ಅದು ನೀಗುವುದಿಲ್ಲ.

ಲಕೋಟೆಯನ್ನು ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಕೊಡಬೇಕು. ಚತುರ್ದಶಿಯ ಬೆಳಗ್ಗೆ ಎಣ್ಣೆಸ್ನಾನವಾದ ಮೇಲೆ ಮಕ್ಕಳಿಗೆ ತೊಡಿಸುವ ಹೊಸ ಬಟ್ಟೆ ಅಷ್ಟರೊಳಗೆ ಕೊಂಡಾಗಬೇಕಲ್ಲ. ನೆಂಟರೆದುರು ಕೊಡದೆ, ಅವರು ಕೆಲಸ ಮುಗಿಸಿ ಹೊರಡುವಾಗ ಕೂರಿಸಿ ಕೊಡಿ. ಓದಲು ಬಾರದವರಾದರೆ ಅವರಾಡುವ ಭಾಷೆಯಲ್ಲೇ ಚೀಟಿಯ ವಿಷಯವನ್ನು ಹೇಳಿ, ಕಾಗದವನ್ನೂ ಅವರ ಕೈಗಿಡಿ. ಮನೆಯಲ್ಲಿ ಮಕ್ಕಳು ಓದಿಹೇಳುತ್ತಾರೆ. ಚೀಟಿಯ ಒಂದು ನಕಲು ನಿಮ್ಮ ಬಳಿಯೂ ಇರಲಿ. ಮುಂದಿನ ದೀಪಾವಳಿಗೆ ವರ್ಷ ತುಂಬಿರುತ್ತದೆ. ಆಗ ಅವರಿಗೆ ಸಲ್ಲಬೇಕಾದದ್ದು ಪೂರ್ತಿ ಒಂದು ತಿಂಗಳ ಸಂಬಳ, ಅದೂ ಆಗಿನ ಸಂಬಳದ ಲೆಕ್ಕದಲ್ಲಿ.